ವಿನ್ಯಾಸ ವರದಿಗೆ ಅಂಕ ಕೊಡುವ ನಾಲ್ಕು ದಾರಿ: ಯಾವುದು ಯಾವ ಭಾಗಕ್ಕೆ?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡಿಸೈನ್ ರಿಪೋರ್ಟ್ ತಿದ್ದಲು ನಾಲ್ಕು ದಾರಿಗಳು ಬಳಕೆಯಲ್ಲಿವೆ. ಇಡೀ ವರದಿ ಓದಿ ಒಟ್ಟಾರೆಯಾಗಿ ಒಂದೇ ಅಂಕ ಕೊಡುವುದು ಮೊದಲನೆಯದು. ಅಂಶವಾರು ರೂಬ್ರಿಕ್ ಇಟ್ಟುಕೊಂಡು ಪ್ರತಿ ಅಂಶಕ್ಕೂ ಮಟ್ಟ ಗುರುತಿಸುವುದು ಎರಡನೆಯದು. ಚೆಕ್‌ಲಿಸ್ಟ್ ಹಿಡಿದು ತಪ್ಪಿಗೆ ಇಷ್ಟೆಂದು ಕಳೆಯುತ್ತಾ ಹೋಗುವುದು ಮೂರನೆಯದು. ನಾಲ್ಕನೆಯದು ನಮ್ಮಲ್ಲಿ ಅಪರೂಪ: ಎರಡೆರಡು ವರದಿಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಮೇಲು ಎಂದಷ್ಟೇ ಹೇಳುತ್ತಾ ಹೋಗಿ ಕೊನೆಗೆ ಎಲ್ಲವನ್ನೂ ಸಾಲಾಗಿ ನಿಲ್ಲಿಸುವುದು.

ವಿಭಾಗದ ಸಭೆಯಲ್ಲಿ ಇವುಗಳಲ್ಲಿ ಒಂದನ್ನು ಆರಿಸಿ ಇಡೀ ವರದಿಗೆ ಹಚ್ಚುವುದು ವಾಡಿಕೆ. ನನ್ನ ತಕರಾರು ಅಲ್ಲೇ ಇದೆ. ಆಯ್ಕೆಗೆ ಕೊಟ್ಟ ಕಾರಣ, ತೂಗಿ ನೋಡಿದ ಪರ್ಯಾಯಗಳು, ಡ್ರಾಯಿಂಗ್ ಈ ಮೂರೂ ಬೇರೆ ಬೇರೆ ಜಾತಿಯ ಕೆಲಸ. ಕಾರಣವನ್ನು ಹಿಂಬಾಲಿಸಿ ನೋಡಬೇಕು, ಪರ್ಯಾಯಗಳ ತೂಕವನ್ನು ಇನ್ನೊಂದರ ಪಕ್ಕ ಇಟ್ಟು ಅಳೆಯಬೇಕು, ಡ್ರಾಯಿಂಗ್‌ನ ತಪ್ಪುಗಳನ್ನು ಎಣಿಸಬೇಕು. ಆದ್ದರಿಂದ ಮೊದಲನೆಯದಕ್ಕೆ ರೂಬ್ರಿಕ್, ಎರಡನೆಯದಕ್ಕೆ ಜೋಡಿ ಹೋಲಿಕೆ, ಮೂರನೆಯದಕ್ಕೆ ಚೆಕ್‌ಲಿಸ್ಟ್ ಹೊಂದುತ್ತದೆ ಎಂಬುದು ನನ್ನ ಆಯ್ಕೆ. ಒಟ್ಟಾರೆ ಅಂಕವನ್ನು ಕೊನೆಯಲ್ಲಿ ಒಂದು ತಾಳೆಗಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ. ಯಾಕೆ ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡಬೇಕು.

ಉದಾಹರಣೆ: ಅಡಿಕೆ ಸುಲಿಯುವ ಯಂತ್ರದ ಡ್ರೈವ್

ಮಲೆನಾಡು, ಕರಾವಳಿ ಕಡೆಯ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಅಡಿಕೆ ಸುಲಿಯುವ ಯಂತ್ರ ಬಂದೇ ಬರುತ್ತದೆ. 1.5 ಕಿಲೋವಾಟ್‌ನ ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಸುಲಿಯುವ ರೋಲರ್‌ಗೆ 360 ಸುತ್ತು ಸಾಕು ಎಂದಿಟ್ಟುಕೊಳ್ಳಿ. ನಾಲ್ಕಕ್ಕೆ ಒಂದರಂತೆ ವೇಗ ಇಳಿಸಬೇಕು. ವಿ-ಬೆಲ್ಟ್, ಚೈನ್, ಗೇರ್‌ಬಾಕ್ಸ್ ಮೂರರಲ್ಲಿ ಯಾವುದಾದರೂ ಆಗಬಹುದು. ರೋಲರ್ ಶಾಫ್ಟ್‌ಗೆ ವ್ಯಾಸ ನಿರ್ಧರಿಸಬೇಕು, ಬೇರಿಂಗ್ ಆರಿಸಬೇಕು, ಶಾಫ್ಟ್‌ನ ಡ್ರಾಯಿಂಗ್ ಕೊಡಬೇಕು.

ಇದೇ ಸಮಸ್ಯೆಗೆ ಎರಡು ತಂಡಗಳು ಕೊಟ್ಟ ವರದಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ದಪ್ಪ ವರದಿ: ತೊಂಬತ್ತು ಪುಟ, ಹೊಳೆಯುವ ತ್ರೀಡಿ ಚಿತ್ರಗಳು, ಬಣ್ಣಬಣ್ಣದ ಸ್ಟ್ರೆಸ್ ಪ್ಲಾಟ್, ಅಚ್ಚುಕಟ್ಟಾದ ಡಿಸಿಷನ್ ಮ್ಯಾಟ್ರಿಕ್ಸ್. ಇನ್ನೊಂದು ತೆಳು ವರದಿ: ನಲವತ್ತು ಪುಟವೂ ಇಲ್ಲ, ಚಿತ್ರಗಳು ಸಾದಾ, ಭಾಷೆ ಅಲ್ಲಲ್ಲಿ ಎಡವುತ್ತದೆ. ಎರಡೂ ವಿ-ಬೆಲ್ಟನ್ನೇ ಆರಿಸಿವೆ. ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟ್‌ನ ವ್ಯಾಸ ಎರಡರಲ್ಲೂ 25 ಮಿಲಿಮೀಟರ್. ಅಂಕ 50ಕ್ಕೆ: ಆಯ್ಕೆಗಳ ಸಮರ್ಥನೆಗೆ 20, ಪರ್ಯಾಯಗಳ ತೂಗಾಟಕ್ಕೆ 15, ಡ್ರಾಯಿಂಗ್‌ಗೆ 15.

ಒಟ್ಟಾರೆ ಓದಿ ಅಂಕ ಕೊಡುವವರ ಕೈಯಲ್ಲಿ ದಪ್ಪ ವರದಿ ಗೆಲ್ಲುತ್ತದೆ. ಉತ್ತರಗಳು ಎರಡರಲ್ಲೂ ಒಂದೇ ಆಗಿರುವಾಗ ಕಣ್ಣಿಗೆ ಕಾಣುವ ವ್ಯತ್ಯಾಸ ಅಂದ ಮತ್ತು ಗಾತ್ರ ಮಾತ್ರ. ಒಟ್ಟಾರೆ ಅಂಕಕ್ಕೆ ಒಂದು ಗುಣವಿದೆ, ಅದು ಬೇಗ ಮುಗಿಯುತ್ತದೆ. ಅನುಭವಿ ಪರೀಕ್ಷಕರು ವರದಿಗಳನ್ನು ಮೇಲಿನ ಗುಂಪು, ಕೆಳಗಿನ ಗುಂಪು ಎಂದು ಬೇರ್ಪಡಿಸಲು ಅದು ಸಾಕಾಗಬಹುದು. ಆದರೆ 'ನನಗೇಕೆ 31?' ಎಂದು ವಿದ್ಯಾರ್ಥಿ ಕೇಳಿದರೆ ಕೊಡಲು ಉತ್ತರ ಇರುವುದಿಲ್ಲ.

ಸಮರ್ಥನೆ: ನಿರ್ಧಾರಕ್ಕೊಂದು ರೂಬ್ರಿಕ್

ರೂಬ್ರಿಕ್ ಬಳಸುವವರು ಸಾಮಾನ್ಯವಾಗಿ ಇಡೀ ವರದಿಗೆ ಒಂದೇ ಸಾಲು ಬರೆಯುತ್ತಾರೆ: 'ಆಯ್ಕೆಗಳನ್ನು ಸೂಕ್ತವಾಗಿ ಸಮರ್ಥಿಸಿದ್ದಾರೆ'. ಈ ಸಾಲಿನಿಂದ ಏನೂ ಹೊರಡುವುದಿಲ್ಲ, ಎಲ್ಲರಿಗೂ ಐದಕ್ಕೆ ನಾಲ್ಕು ಬರುತ್ತದೆ. ಇದರ ಬದಲು ವರದಿಯಲ್ಲಿ ಮುಖ್ಯವಾದ ಐದು ನಿರ್ಧಾರಗಳನ್ನು ಮೊದಲೇ ಹೆಸರಿಸಿ, ಒಂದೊಂದಕ್ಕೂ 0ರಿಂದ 4ರವರೆಗೆ ಮಟ್ಟ ಕೊಡಿ. ನಮ್ಮ ಉದಾಹರಣೆಯಲ್ಲಿ ಅವು ಮೋಟರ್ ಶಕ್ತಿ, ಡ್ರೈವ್‌ನ ಬಗೆ, ಶಾಫ್ಟ್ ವ್ಯಾಸ, ಬೇರಿಂಗ್ ಮತ್ತು ಲೋಹ. ಐದು ನಾಲ್ಕಲಿ 20. ಪರೀಕ್ಷಕರು ತೊಂಬತ್ತು ಪುಟದಲ್ಲಿ ಈ ಐದು ಜಾಗಗಳನ್ನು ಹುಡುಕಿ ಓದಿದರೆ ಸಾಕು. ದಪ್ಪದ ಲಾಭ ಅಲ್ಲಿಗೇ ಹೋಯಿತು.

ಮಟ್ಟಗಳನ್ನು ನಾನು ಹೀಗೆ ಬರೆಯುತ್ತೇನೆ. ಕಾರಣವೇ ಇಲ್ಲದಿದ್ದರೆ 0. ಯಾವ ಸಂಖ್ಯೆಗೆ ಬೇಕಾದರೂ ಹೊಂದುವ ಕಾರಣ ಕೊಟ್ಟಿದ್ದರೆ 1. ಲೆಕ್ಕವೋ ಮಾನಕವೋ ಇದೆ, ಆದರೆ ಅದು ಆರಿಸಿದ ಸಂಖ್ಯೆಯವರೆಗೆ ತಲುಪುವುದಿಲ್ಲ ಎಂದಾದರೆ 2. ಊಹೆಗಳಿಂದ ಹಿಡಿದು ಸಂಖ್ಯೆಯವರೆಗೆ ಸರಪಳಿ ಎಲ್ಲೂ ಕಡಿಯದಿದ್ದರೆ 3. ಅದರ ಮೇಲೆ, ಯಾವ ಊಹೆ ಬದಲಾದರೆ ಈ ಆಯ್ಕೆ ಬಿದ್ದುಹೋಗುತ್ತದೆ ಎಂದೂ ಹೇಳಿದ್ದರೆ 4.

ಶಾಫ್ಟ್ ವ್ಯಾಸವನ್ನೇ ತೆಗೆದುಕೊಳ್ಳಿ. ದಪ್ಪ ವರದಿ 'ಸುರಕ್ಷತೆಯ ದೃಷ್ಟಿಯಿಂದ 25 ಮಿ.ಮೀ. ಆರಿಸಲಾಗಿದೆ' ಎನ್ನುತ್ತದೆ. 30 ಎಂದಿದ್ದರೂ 40 ಎಂದಿದ್ದರೂ ಇದೇ ವಾಕ್ಯ ನಡೆಯುತ್ತಿತ್ತು. ಮಟ್ಟ 1. ಪಕ್ಕದಲ್ಲಿರುವ ಬಣ್ಣದ ಸ್ಟ್ರೆಸ್ ಪ್ಲಾಟ್ ಇದನ್ನು ಮೇಲೆತ್ತುವುದಿಲ್ಲ, ಯಾಕೆಂದರೆ 25 ಎಂದು ನಿರ್ಧರಿಸಿದ ಮೇಲೆ ತೆಗೆದ ಚಿತ್ರ ಅದು. ಅಂದಹಾಗೆ, ಮೂಲೆಗೆ ಫಿಲೆಟ್ ಕೊಡದೆ ಚೂಪಾಗಿ ಬಿಟ್ಟ ಮಾಡೆಲ್‌ನಲ್ಲಿ ಮೆಶ್ ಸಣ್ಣದು ಮಾಡಿದಷ್ಟೂ ಆ ಮೂಲೆಯ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಮೆಶ್ ಬದಲಾಯಿಸಿ ನೋಡಿದ್ದೀರಾ ಎಂಬ ಒಂದು ಪ್ರಶ್ನೆ ಕೇಳಿದರೆ ಚಿತ್ರದ ಹಿಂದೆ ಎಷ್ಟು ಕೆಲಸ ನಡೆದಿದೆ ಎಂದು ತಿಳಿಯುತ್ತದೆ.

ತೆಳು ವರದಿ ಹೋಗುವ ದಾರಿ ಬೇರೆ. 1.5 ಕಿಲೋವಾಟ್, 360 ಸುತ್ತು ಎಂದರೆ ಶಾಫ್ಟ್ ಮೇಲಿನ ಟಾರ್ಕ್ ಸುಮಾರು 39.8 ನ್ಯೂಟನ್-ಮೀಟರ್. ದೊಡ್ಡ ಪುಲಿಯ ವ್ಯಾಸ 400 ಮಿ.ಮೀ., ಹಾಗಾಗಿ ಬೆಲ್ಟಿನ ಎರಡು ಬದಿಗಳ ಎಳೆತದ ವ್ಯತ್ಯಾಸ ಸುಮಾರು 199 ನ್ಯೂಟನ್. ವಿ-ಬೆಲ್ಟ್‌ನಲ್ಲಿ ಶಾಫ್ಟನ್ನು ಬಗ್ಗಿಸುವ ಒಟ್ಟು ಎಳೆತ ಇದರ ಒಂದೂವರೆ ಪಟ್ಟು ಎಂದು ಹಿಡಿದರೆ 300 ನ್ಯೂಟನ್. ಪುಲಿ ಬೇರಿಂಗ್‌ನಿಂದ 80 ಮಿ.ಮೀ. ಆಚೆ ಇದೆ, ಆದ್ದರಿಂದ ಬೇರಿಂಗ್ ಬಳಿ ಬಾಗುಮೊಮೆಂಟ್ 24 ನ್ಯೂಟನ್-ಮೀಟರ್. ಅಡಿಕೆ ಆಗಾಗ ಸಿಕ್ಕಿಕೊಂಡು ಹೊಡೆತ ಬೀಳುವುದರಿಂದ ಎರಡಕ್ಕೂ 1.5ರ ಶಾಕ್ ಗುಣಕ.

ಇಲ್ಲಿಂದ ಮುಂದೆ ಆ ತಂಡ ಶಾಫ್ಟ್‌ನ ಎರಡು ಜಾಗಗಳನ್ನು ಬೇರೆಬೇರೆಯಾಗಿ ನೋಡಿದೆ. ಬೇರಿಂಗ್ ಬಳಿ ಬಾಗುವಿಕೆ ಹೆಚ್ಚು, ಆದರೆ ಕೀವೇ ಇಲ್ಲ. ಪುಲಿಯ ನಡುವೆ ಬಾಗುವಿಕೆ ಇಲ್ಲ, ಆದರೆ ಕೀವೇ ಇದೆ. ಹಳೆಯ ಎಎಸ್‌ಎಂಇ ಸಂಹಿತೆಯಂತೆ ಸಾಮಾನ್ಯ ಉಕ್ಕಿನ ಶಾಫ್ಟ್‌ಗೆ ಕೀವೇ ಇಲ್ಲದ ಕಡೆ 55, ಇರುವ ಕಡೆ 40 ಮೆಗಾಪಾಸ್ಕಲ್ ಶಿಯರ್ ಅನುಮತಿ. Tₑ ಎಂದರೆ ಟಾರ್ಕ್ ಮತ್ತು ಬಾಗುಮೊಮೆಂಟ್ ಎರಡೂ ಸೇರಿದ ಸಮಾನ ಟಾರ್ಕ್, τ ಎಂದರೆ ಅನುಮತಿಸಿದ ಶಿಯರ್ ಎಂದು ಹಿಡಿದರೆ ವ್ಯಾಸಕ್ಕೆ ಸೂತ್ರ ಇದು:

d³ = 16·Tₑ / (π·τ)

ಬೇರಿಂಗ್ ಬಳಿ Tₑ ಸುಮಾರು 69.7 ನ್ಯೂಟನ್-ಮೀಟರ್, ವ್ಯಾಸ 18.6 ಮಿ.ಮೀ. ಸಾಕು. ಪುಲಿಯ ಬಳಿ Tₑ 59.7 ಮಾತ್ರ, ಆದರೂ ಕೀವೇ ಇರುವುದರಿಂದ 19.7 ಬೇಕು. ಆದ್ದರಿಂದ ಪುಲಿಯ ಕಡೆ 20. ಬೇರಿಂಗ್ ಈ 20ರ ತುದಿಯಿಂದಲೇ ಒಳಗೆ ಜಾರಿ ಬಂದು ತನ್ನ ಜಾಗದಲ್ಲಿ ಬಿಗಿಯಾಗಿ ಕೂರಬೇಕು, ಹಾಗಾಗಿ ಅಲ್ಲಿ ವ್ಯಾಸ ಒಂದು ಹೆಜ್ಜೆ ಮೇಲಿರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮುಂದಿನ ಬೇರಿಂಗ್ ಅಳತೆ 25, ಅಂದರೆ 6205. 25 ಬಂದದ್ದು ಬಲದ ಲೆಕ್ಕದಿಂದಲ್ಲ, ಜೋಡಣೆಯಿಂದ. ಇದನ್ನು ಸ್ಪಷ್ಟವಾಗಿ ಬರೆದಿರುವುದೇ ಈ ಭಾಗದ ಸತ್ವ. ಇಷ್ಟಕ್ಕೇ ಮಟ್ಟ 3 ದಕ್ಕಿತು.

ನಾಲ್ಕನೆಯ ಮಟ್ಟಕ್ಕೆ ಏರಿಸಿದ್ದು ಮುಂದಿನ ಎರಡು ಸಾಲು. ಹೊಡೆತ ಜೋರಾಗಿದ್ದು ಶಾಕ್ ಗುಣಕ 2 ಎಂದು ಹಿಡಿದರೆ ಪುಲಿಯ ಬಳಿ 21.6 ಮಿ.ಮೀ. ಬೇಕಾಗುತ್ತದೆ, 20 ಸಾಲದು. ಆದರೆ ಅಷ್ಟು ಜೋರಾದ ಹೊಡೆತ ಶಾಫ್ಟ್‌ಗೆ ತಲುಪುವ ಮೊದಲೇ ಬೆಲ್ಟ್ ಜಾರುತ್ತದೆ, ಚೈನ್ ಹಾಕಿದ್ದರೆ ಶಾಫ್ಟ್ ದಪ್ಪ ಮಾಡಲೇಬೇಕಿತ್ತು ಎಂದು ತಂಡ ಬರೆದಿದೆ. ಡ್ರೈವ್‌ನ ಆಯ್ಕೆ ಶಾಫ್ಟ್‌ನ ಆಯ್ಕೆಯನ್ನು ಹೇಗೆ ಹಿಡಿದುಕೊಂಡಿದೆ ಎಂಬುದು ಅವರಿಗೆ ಗೊತ್ತು.

ರೂಬ್ರಿಕ್‌ಗೂ ಚೆಕ್‌ಲಿಸ್ಟ್‌ಗೂ ವ್ಯತ್ಯಾಸ ಎದ್ದು ಕಾಣುವುದು ಲೆಕ್ಕ ತಪ್ಪಿದಾಗ. ಮೂರನೆಯ ತಂಡವೊಂದು 40 ಮೆಗಾಪಾಸ್ಕಲ್‌ನ ಮೇಲೆ ಕೀವೇಗೆಂದು ಮತ್ತೆ ಕಾಲು ಭಾಗ ಕಳೆದು 30 ಎಂದು ಹಿಡಿಯಿತು ಎನ್ನಿ. 40 ಎಂಬುದೇ ಕೀವೇಯ ಕಡಿತ ಸೇರಿದ ಸಂಖ್ಯೆ, ಹಾಗಾಗಿ ಕಡಿತ ಎರಡು ಸಲ ಬಿತ್ತು. ಅವರಿಗೆ ಪುಲಿಯ ಬಳಿ 21.6 ಬಂದು, 22 ಆರಿಸಿದರು. ಚೆಕ್‌ಲಿಸ್ಟ್ 'ಉತ್ತರ ತಪ್ಪು' ಎಂದು ಸೊನ್ನೆ ಹಾಕುತ್ತದೆ. ರೂಬ್ರಿಕ್ ಕೈಯಲ್ಲಿದ್ದರೆ ಸರಪಳಿ ಇದೆ, ಒಂದು ಕೊಂಡಿ ತಪ್ಪಾಗಿದೆ, ಅದೂ ಸುರಕ್ಷಿತ ಕಡೆಗೆ ತಪ್ಪಾಗಿದೆ ಎಂದು ಕಾಣುತ್ತದೆ. ನಾನು 2 ಕೊಡುತ್ತೇನೆ. 3 ಕೊಟ್ಟವರ ಜೊತೆ ಜಗಳ ಆಡುವುದಿಲ್ಲ. 'ಸುರಕ್ಷತೆಗಾಗಿ' ಎಂದವರಿಗಿಂತ ಇವರು ಮೇಲಿರಬೇಕು ಎಂಬುದರಲ್ಲಿ ಮಾತ್ರ ರಾಜಿ ಇಲ್ಲ.

ಐದು ನಿರ್ಧಾರಗಳನ್ನೂ ಹೀಗೆ ನೋಡಿದರೆ ದಪ್ಪ ವರದಿಗೆ ಶಾಫ್ಟ್‌ನಲ್ಲಿ 1, ಉಳಿದ ನಾಲ್ಕರಲ್ಲಿ ತಲಾ 2, ಒಟ್ಟು 9. ತೆಳು ವರದಿಗೆ ಶಾಫ್ಟ್‌ಗೆ 4, ಮೋಟರ್, ಡ್ರೈವ್, ಬೇರಿಂಗ್‌ಗೆ ತಲಾ 3, ಲೋಹಕ್ಕೆ 2, ಒಟ್ಟು 15.

ಟ್ರೇಡ್-ಆಫ್: ಮ್ಯಾಟ್ರಿಕ್ಸ್ ಇದ್ದ ಮಾತ್ರಕ್ಕೆ ಅಂಕವಿಲ್ಲ

ಪರ್ಯಾಯಗಳನ್ನು ತೂಗಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ ಎಲ್ಲ ವರದಿಗಳೂ ಡಿಸಿಷನ್ ಮ್ಯಾಟ್ರಿಕ್ಸ್ ಹಾಕುತ್ತವೆ. ದಪ್ಪ ವರದಿಯದು ಹೀಗಿದೆ, ಪ್ರತಿ ಅಂಶಕ್ಕೆ 5ರಲ್ಲಿ ಅಂಕ:

| ಅಂಶ | ತೂಕ (ಶೇ.) | ವಿ-ಬೆಲ್ಟ್ | ಚೈನ್ | ಗೇರ್‌ಬಾಕ್ಸ್ |
|---|---|---|---|---|
| ಬೆಲೆ | 30 | 4 | 3 | 2 |
| ನಿರ್ವಹಣೆ | 30 | 4 | 2 | 5 |
| ಸಿಕ್ಕಿಕೊಂಡಾಗ ರಕ್ಷಣೆ | 20 | 5 | 1 | 1 |
| ಜಾಗ | 20 | 2 | 4 | 5 |
| ಒಟ್ಟು | 100 | 3.8 | 2.5 | 3.3 |

ನೋಡಲು ಸೊಗಸು. ಆದರೆ ತೂಕಗಳನ್ನು ಬದಲಾಯಿಸಿ ನೋಡಿ: ಬೆಲೆಗೆ 20, ನಿರ್ವಹಣೆಗೆ 25, ರಕ್ಷಣೆಗೆ 15, ಜಾಗಕ್ಕೆ 40. ಆಗ ವಿ-ಬೆಲ್ಟ್ 3.35, ಗೇರ್‌ಬಾಕ್ಸ್ 3.8. ಗೆದ್ದವರು ಬದಲಾದರು. ಅಂದರೆ ಇಲ್ಲಿ ತೀರ್ಪು ಕೊಡುತ್ತಿರುವುದು ತೂಕಗಳೇ. ಜಾಗಕ್ಕೆ 20 ಯಾಕೆ, 40 ಯಾಕಲ್ಲ ಎಂಬುದಕ್ಕೆ ದಪ್ಪ ವರದಿಯಲ್ಲಿ ಒಂದು ಸಾಲೂ ಇಲ್ಲ. ಮೊದಲೇ ಬೆಲ್ಟ್ ಎಂದು ಮನಸ್ಸು ಮಾಡಿ, ಅದು ಗೆಲ್ಲುವಂತೆ ತೂಕ ಹೊಂದಿಸಿರುವ ಸಾಧ್ಯತೆ ಬಹಳ. ಗುರುತು ಹಿಡಿಯಲು ಸುಲಭವಾದ ಲಕ್ಷಣ ಒಂದಿದೆ: ಆಯ್ಕೆಯಾದದ್ದಕ್ಕೆ ಯಾವ ಅನನುಕೂಲವನ್ನೂ ಪಠ್ಯದಲ್ಲಿ ಬರೆದಿರುವುದಿಲ್ಲ.

ತೆಳು ವರದಿಯಲ್ಲಿ ಮ್ಯಾಟ್ರಿಕ್ಸೇ ಇಲ್ಲ. ಬದಲಿಗೆ ಎರಡು ಪ್ಯಾರಾ ಇವೆ. ಸಣ್ಣ ಪುಲಿ 100 ಮಿ.ಮೀ. ಇಟ್ಟರೆ ದೊಡ್ಡದು 400 ಆಗಲೇಬೇಕು, ಅದು ಯಂತ್ರದ ಪಕ್ಕದಿಂದ ಹೊರಗೆ ಚಾಚುತ್ತದೆ, ಅದಕ್ಕೊಂದು ಗಾರ್ಡ್ ಬೇಕು, ಇದೆಲ್ಲ ಸೇರಿ ತೂಕ ಏರುತ್ತದೆ, ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಸಾಗಿಸುವ ಯಂತ್ರಕ್ಕೆ ಇದು ನಿಜವಾದ ನಷ್ಟ ಎಂದು ಒಪ್ಪಿಕೊಂಡಿದ್ದಾರೆ. ಬೆಲ್ಟ್ ಜಾರುವುದರಿಂದ ರೋಲರ್ ವೇಗ ಕರಾರುವಾಕ್ಕಾಗಿ 360 ಇರುವುದಿಲ್ಲ, ಸುಲಿಯಲು ಅದು ಅಡ್ಡಿಯಲ್ಲ ಎಂದಿದ್ದಾರೆ. ಚೈನ್ ಬಿಟ್ಟದ್ದಕ್ಕೆ ಕಾರಣ ಸಿಪ್ಪೆಯ ನಾರು ಮತ್ತು ಧೂಳು ಎಣ್ಣೆಗೆ ಅಂಟಿಕೊಳ್ಳುವುದು. ಯಂತ್ರ ಒಂದೇ ಕಡೆ ಸ್ಥಿರವಾಗಿ, ಇಕ್ಕಟ್ಟಾದ ಕೋಣೆಯಲ್ಲಿ ಇರುವುದಾದರೆ ತಾವು ಗೇರ್‌ಬಾಕ್ಸ್ ಕಡೆ ಹೋಗುತ್ತಿದ್ದೆವು ಎಂಬ ಮಾತೂ ಇದೆ. ಮೇಲಿನ ಕೋಷ್ಟಕದಲ್ಲಿ ನಾವು ತೂಕ ಬದಲಾಯಿಸಿ ಕಂಡುಕೊಂಡದ್ದನ್ನು ಈ ತಂಡ ಮಾತಿನಲ್ಲೇ ಹೇಳಿಬಿಟ್ಟಿದೆ.

ಇವೆರಡನ್ನೂ ರೂಬ್ರಿಕ್‌ನಲ್ಲಿ ಅಳೆದರೆ ಏನಾಗುತ್ತದೆ? 'ಕನಿಷ್ಠ ಮೂರು ಪರ್ಯಾಯಗಳು, ಕನಿಷ್ಠ ನಾಲ್ಕು ಮಾನದಂಡಗಳು, ತೂಕ ಸಹಿತ' ಎಂದು ಬರೆದಿದ್ದರೆ ದಪ್ಪ ವರದಿಗೆ ಪೂರ್ಣ ಅಂಕ, ತೆಳುವಿಗೆ ಅರ್ಧ. ಮುಂದಿನ ವರ್ಷ ಎಲ್ಲರೂ ಅದೇ ಕೋಷ್ಟಕ ಹಾಕುತ್ತಾರೆ. 'ಆಳವಾಗಿ ಪರಿಶೀಲಿಸಿದ್ದಾರೆ' ಎಂದು ಬರೆದರೆ ಪರೀಕ್ಷಕರಿಗೊಂದು ಅರ್ಥ. ಯೋಚನೆಯ ಆಳವನ್ನು ಮೊದಲೇ ಪದಗಳಲ್ಲಿ ಕಟ್ಟಿಡುವುದು ಕಷ್ಟ, ಎರಡನ್ನು ಪಕ್ಕದಲ್ಲಿಟ್ಟರೆ ಯಾವುದು ಆಳ ಎಂದು ಹೇಳುವುದು ಸುಲಭ. ಮನುಷ್ಯರು ಒಂದು ವಸ್ತುವಿಗೆ ನೇರವಾಗಿ ಅಂಕ ಕೊಡುವ ಬದಲು ಎರಡನ್ನು ಹೋಲಿಸಿ ಕೊಟ್ಟ ತೀರ್ಪುಗಳಿಂದಲೇ ಒಂದು ಅಳತೆಪಟ್ಟಿ ಕಟ್ಟಬಹುದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿ ಥರ್ಸ್ಟನ್ 1927ರಲ್ಲೇ ತೋರಿಸಿದ್ದರು. ಜೋಡಿ ಹೋಲಿಕೆಯ ಬೇರು ಅಲ್ಲಿದೆ.

ಮಾಡುವ ವಿಧಾನ ಸರಳ. ಪ್ರತಿ ವರದಿಯಿಂದ ಪರ್ಯಾಯಗಳ ಚರ್ಚೆ ಇರುವ ಎರಡು ಮೂರು ಪುಟಗಳನ್ನು ಮಾತ್ರ ತೆಗೆದು, ತಂಡದ ಹೆಸರು ಅಳಿಸಿ, ಸಂಖ್ಯೆ ಹಾಕಿ. ಎರಡನ್ನು ಪಕ್ಕದಲ್ಲಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಿ: ತಾನು ಆರಿಸಿದ್ದಕ್ಕಾಗಿ ಏನನ್ನು ಬಿಟ್ಟುಕೊಟ್ಟೆ ಎಂಬುದು ಯಾವ ತಂಡಕ್ಕೆ ಹೆಚ್ಚು ಚೆನ್ನಾಗಿ ಗೊತ್ತಿದೆ? ಉತ್ತರ ಗುರುತಿಸಿ ಮುಂದಿನ ಜೋಡಿಗೆ ಹೋಗಿ. ಇಪ್ಪತ್ತು ವರದಿಗಳನ್ನು ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಿದರೆ 190 ಜೋಡಿಗಳಾಗುತ್ತವೆ, ಅಷ್ಟು ಬೇಕಿಲ್ಲ. ಪ್ರತಿ ವರದಿ ಹತ್ತು ಸಲ ಬರುವಂತೆ ನೋಡಿಕೊಂಡರೆ 100 ಜೋಡಿ, ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ 25. ಹತ್ತರಲ್ಲಿ ಎಷ್ಟು ಸಲ ಗೆದ್ದಿತು ಎಂಬುದೇ ಸದ್ಯದ ಮಟ್ಟಿಗೆ ಸಾಕಾದ ಅಳತೆ. ಬಲಹೀನರನ್ನಷ್ಟೇ ಎದುರಿಸಿ ಗೆದ್ದ ವರದಿ ಮೇಲೆ ಹೋಗದಂತೆ ಜೋಡಿಗಳನ್ನು ಚೀಟಿ ಎತ್ತಿ ಮಾಡಿ.

ಈ ದಾರಿಗೆ ಮೂರು ಮಿತಿಗಳಿವೆ, ಮುಚ್ಚಿಡುವಂಥವಲ್ಲ. ಎಲ್ಲರಿಗೂ ಒಂದೇ ಸಮಸ್ಯೆ ಅಥವಾ ಹತ್ತಿರದ ಸಮಸ್ಯೆ ಕೊಟ್ಟಿರಬೇಕು. ಅಡಿಕೆ ಯಂತ್ರವನ್ನು ಸೋಲಾರ್ ಡ್ರೈಯರ್ ಜೊತೆ ಹೋಲಿಸಿದರೆ ಪರೀಕ್ಷಕರ ಅಭಿರುಚಿ ತೀರ್ಪು ಕೊಡುತ್ತದೆ. ಎರಡನೆಯದಾಗಿ, ಇದರಿಂದ ಸಿಗುವುದು ಸಾಲು ಮಾತ್ರ. ಇಡೀ ತರಗತಿ ದುರ್ಬಲವಾಗಿದ್ದರೂ ಯಾರೋ ಒಬ್ಬರು ಮೊದಲಿರುತ್ತಾರೆ. ಅದಕ್ಕೆ ಹಿಂದಿನ ವರ್ಷದ ಎರಡು ವರದಿಗಳನ್ನು, ಒಂದು ಒಳ್ಳೆಯದು, ಒಂದು ಸಾಧಾರಣ, ಅಂಕ ಗೊತ್ತಿರುವಂಥವನ್ನು ರಾಶಿಯೊಳಗೆ ಸೇರಿಸಿ. ಸಾಲಿನಲ್ಲಿ ಅವು ಎಲ್ಲಿ ನಿಂತವೋ ಅದನ್ನು ಹಿಡಿದು ಉಳಿದವಕ್ಕೆ ಅಂಕ ಹಾಕಬಹುದು. ಮೂರನೆಯದು ವಿದ್ಯಾರ್ಥಿಗೆ ಕೊಡುವ ವಿವರಣೆ ಬಡಕಲು: 'ನೀನು ಹತ್ತರಲ್ಲಿ ಮೂರು ಗೆದ್ದೆ' ಎಂದರೆ ಅವನಿಗೇನೂ ತಿಳಿಯುವುದಿಲ್ಲ. ಕೆಳಗಿನ ಮೂರನೇ ಒಂದು ಭಾಗಕ್ಕಾದರೂ ಒಂದೆರಡು ಸಾಲು ಕೈಬರಹದಲ್ಲಿ ಬರೆದುಕೊಡಬೇಕಾಗುತ್ತದೆ. ಐದಾರು ವರದಿಗಳಷ್ಟೇ ಇದ್ದರೆ ಈ ಗೊಡವೆಯೇ ಬೇಡ, ಮೇಜಿನ ಮೇಲೆ ಎಲ್ಲವನ್ನೂ ಹರಡಿ ಕಣ್ಣಲ್ಲೇ ಜೋಡಿಸಬಹುದು.

ನಮ್ಮ ಉದಾಹರಣೆಯಲ್ಲಿ ತೆಳು ವರದಿ ಸಾಲಿನ ಮೇಲ್ಭಾಗಕ್ಕೆ ಬಂದು 11, ದಪ್ಪದ್ದು ಕೆಳಗೆ ನಿಂತು 6 ಪಡೆಯಿತು ಎಂದಿಟ್ಟುಕೊಳ್ಳೋಣ.

ಡ್ರಾಯಿಂಗ್: ಎಣಿಸಿ, ಆದರೆ ತಪ್ಪುಗಳನ್ನು ಜಾತಿ ಮಾಡಿ ಎಣಿಸಿ

ಡ್ರಾಯಿಂಗ್‌ನಲ್ಲಿ ಅಭಿಪ್ರಾಯಕ್ಕೆ ಜಾಗ ಕಡಿಮೆ. ಆ ಹಾಳೆ ಹಿಡಿದು, ಯಾರನ್ನೂ ಏನೂ ಕೇಳದೆ, ಟರ್ನರ್ ಆ ಭಾಗವನ್ನು ಮಾಡಬಲ್ಲನೇ ಎಂಬುದೊಂದೇ ಪ್ರಶ್ನೆ. ಹಾಗಾಗಿ ಚೆಕ್‌ಲಿಸ್ಟ್ ಇಲ್ಲಿ ಸರಿಯಾದ ಸಾಧನ, ರೂಬ್ರಿಕ್ ಅಲ್ಲ. 'ಡ್ರಾಯಿಂಗ್ ಸ್ಪಷ್ಟವಾಗಿದೆ' ಎಂಬ ಮಟ್ಟವಿವರಣೆಯಲ್ಲಿ ತ್ರೀಡಿ ಚಿತ್ರಗಳು ನುಸುಳಿಕೊಂಡು ಅಂಕ ತಿನ್ನುತ್ತವೆ. ಅಳತೆಯಿಲ್ಲದ ತ್ರೀಡಿ ಚಿತ್ರ ನೋಡಿಕೊಂಡು ಲೇತ್ ಮೇಲೆ ಏನೂ ಮಾಡಲಾಗದು.

ಆದರೆ 'ತಪ್ಪಿಗೊಂದು ಅಂಕ ಕಡಿತ' ಎಂಬ ಸರಳ ಚೆಕ್‌ಲಿಸ್ಟ್ ಅಪಾಯಕಾರಿ. ತಪ್ಪುಗಳನ್ನು ಮೂರು ಜಾತಿ ಮಾಡಬೇಕು. ಭಾಗ ತಪ್ಪಾಗಿ ತಯಾರಾಗುವ ಅಥವಾ ಜೋಡಣೆಯೇ ಆಗದ ತಪ್ಪು ಮಾರಕ, ಒಂದಕ್ಕೆ 3 ಅಂಕ ಕಡಿತ. ಟರ್ನರ್ ಕೆಲಸ ನಿಲ್ಲಿಸಿ ಬಂದು ಕೇಳಬೇಕಾಗುವ ತಪ್ಪು ಗೊಂದಲದ್ದು, ಒಂದೂವರೆ ಅಂಕ. ಶಿಸ್ತಿನ ತಪ್ಪು, ಅಂದರೆ ಗೆರೆಯ ದಪ್ಪ, ಅಕ್ಷರದ ಎತ್ತರ, ಟೈಟಲ್ ಬ್ಲಾಕ್‌ನಲ್ಲಿ ಬಿಟ್ಟುಹೋದ ಕಾಲಂ, ಅರ್ಧ ಅಂಕ. ಅದೂ ಎಲ್ಲ ಸೇರಿ 2 ಮೀರದಂತೆ.

ದಪ್ಪ ವರದಿಯ ಶಾಫ್ಟ್ ಡ್ರಾಯಿಂಗ್‌ನಲ್ಲಿ ಮಾರಕ ತಪ್ಪುಗಳು ಎರಡು. ಬೇರಿಂಗ್ ಜಾಗಕ್ಕೆ ಬರೇ 25 ಎಂದಿದೆ, ಫಿಟ್ ಕೊಟ್ಟಿಲ್ಲ. ಹಾಳೆಯ ಮೂಲೆಯಲ್ಲಿ ಐಎಸ್‌ಒ 2768ರ ಮಧ್ಯಮ ದರ್ಜೆಯ ಸಾಮಾನ್ಯ ಟಾಲರೆನ್ಸ್ ಎಂದು ಬರೆದಿರುವುದರಿಂದ ಈ 25ಕ್ಕೆ ಅನ್ವಯವಾಗುವುದು ±0.2 ಮಿ.ಮೀ. ಟರ್ನರ್ 24.85 ಮಾಡಿಕೊಟ್ಟರೆ ಅವನದು ತಪ್ಪಲ್ಲ, ಆದರೆ ಬೇರಿಂಗ್ ಒಳವರ್ತುಲ ಶಾಫ್ಟ್ ಮೇಲೆ ಸುಮ್ಮನೆ ತಿರುಗಿ ಶಾಫ್ಟನ್ನು ತಿನ್ನುತ್ತದೆ. ಇಲ್ಲಿ ಬೇಕಿದ್ದದ್ದು 25 k6, ಅಂದರೆ 25.002ರಿಂದ 25.015ರವರೆಗೆ. ಎರಡನೆಯದು ಶೋಲ್ಡರ್ ಬಳಿಯ ಫಿಲೆಟ್. ಸ್ಟ್ರೆಸ್ ಕಡಿಮೆಯಾಗಲಿ ಎಂದು 2 ಮಿ.ಮೀ. ತ್ರಿಜ್ಯ ಕೊಟ್ಟಿದ್ದಾರೆ. 6205 ಬೇರಿಂಗ್‌ನ ಮೂಲೆಗೆ ಕ್ಯಾಟಲಾಗ್ ಕೊಡುವ ಕನಿಷ್ಠ ತ್ರಿಜ್ಯ 1 ಮಿ.ಮೀ., ಶಾಫ್ಟ್‌ನ ಫಿಲೆಟ್ ಅದನ್ನು ಮೀರಬಾರದು. ಮೀರಿದರೆ ಬೇರಿಂಗ್ ಫಿಲೆಟ್ ಮೇಲೆ ಹತ್ತಿ ಕೂರುತ್ತದೆ, ಶೋಲ್ಡರ್ ಮುಟ್ಟುವುದೇ ಇಲ್ಲ. ಹೊಳೆಯುವ ತ್ರೀಡಿ ಚಿತ್ರದಲ್ಲಿ ಇದು ಕಾಣುವುದಿಲ್ಲ.

ಗೊಂದಲದ ತಪ್ಪುಗಳೂ ಎರಡು. ಉದ್ದದ ಅಳತೆಗಳನ್ನು ಹೆಜ್ಜೆಹೆಜ್ಜೆಗೂ ಕೊಟ್ಟು, ಒಟ್ಟು ಉದ್ದವನ್ನೂ ಕೊಟ್ಟಿದ್ದಾರೆ. ಎಲ್ಲದರ ಟಾಲರೆನ್ಸ್ ಒಟ್ಟಿಗೆ ಪಾಲಿಸಲಾಗದು, ಒಂದನ್ನು ಬಿಡಬೇಕಿತ್ತು. ಇನ್ನೊಂದು, ಟೈಟಲ್ ಬ್ಲಾಕ್‌ನಲ್ಲಿ ಥರ್ಡ್ ಆಂಗಲ್ ಚಿಹ್ನೆ, ನೋಟಗಳು ಮಾತ್ರ ನಾವು ಇಲ್ಲಿ ಕಲಿಸುವ ಫಸ್ಟ್ ಆಂಗಲ್‌ನಲ್ಲಿ. ಕ್ಯಾಡ್ ಟೆಂಪ್ಲೇಟ್ ಬದಲಾಯಿಸದೆ ಬಿಟ್ಟರೆ ಹೀಗಾಗುತ್ತದೆ. ದುಂಡನೆಯ ಶಾಫ್ಟ್‌ನಲ್ಲಿ ಇದು ಗೊಂದಲ ಮಾತ್ರ. ಎಡಬಲ ಒಂದೇ ಆಗಿಲ್ಲದ ಬ್ರಾಕೆಟ್‌ನಲ್ಲಿ ಇದೇ ತಪ್ಪು ಮಾಡಿದ್ದರೆ ಭಾಗ ಕನ್ನಡಿಯ ಬಿಂಬದಂತೆ ತಯಾರಾಗುತ್ತಿತ್ತು, ಆಗ ಮಾರಕ ಎಂದೇ ಎಣಿಸಬೇಕು. ತಪ್ಪಿನ ಹೆಸರು ನೋಡಿ ಜಾತಿ ಹೇಳಬೇಡಿ, ಅದರ ಪರಿಣಾಮ ನೋಡಿ ಹೇಳಿ. ಇವಲ್ಲದೆ ಶಿಸ್ತಿನ ತಪ್ಪು ಎರಡು.

ತೆಳು ವರದಿಯ ಹಾಳೆ ಕೊಳಕಾಗಿದೆ. ಗೆರೆಗಳೆಲ್ಲ ಒಂದೇ ದಪ್ಪ, ಅಕ್ಷರಗಳು ಬೇರೆಬೇರೆ ಗಾತ್ರ, ಹೀಗೆ ಶಿಸ್ತಿನ ತಪ್ಪು ಏಳು. ಗೊಂದಲದ್ದು ಎರಡು, ಅವುಗಳಲ್ಲಿ ಒಂದು ಜೋಡಣೆಯ ಡ್ರಾಯಿಂಗ್‌ನಲ್ಲಿ ಶಾಫ್ಟನ್ನು ಉದ್ದಕ್ಕೆ ಸೀಳಿ ಹ್ಯಾಚಿಂಗ್ ಹಾಕಿದ್ದು. ಮಾರಕ ತಪ್ಪು ಒಂದೂ ಇಲ್ಲ. ಬೇರಿಂಗ್ ಜಾಗಕ್ಕೆ k6 ಇದೆ. ಪುಲಿಯ ಕಡೆಯ ಕೀವೇಗೆ ಆಳ 3.5 ಎಂದು ಬರೆಯುವ ಬದಲು ಎದುರು ಬದಿಯಿಂದ 16.5 ಎಂದು ಕೊಟ್ಟಿದ್ದಾರೆ. ಕೀವೇ ಕಡಿದ ಮೇಲೆ ಆ ಕಡೆಯ ಅಂಚು ಉಳಿದಿರುವುದಿಲ್ಲ, ಮೈಕ್ರೋಮೀಟರ್ ಹಿಡಿಯಲು ಎದುರು ಬದಿಯೇ ಬೇಕು. ಯಾರೋ ವರ್ಕ್‌ಶಾಪ್‌ಗೆ ಹೋಗಿ ಬಂದಿದ್ದಾರೆ.

ಈಗ ಲೆಕ್ಕ ಹಾಕಿ. ತಪ್ಪಿಗೊಂದರಂತೆ ಕಳೆದರೆ ದಪ್ಪ ವರದಿಯಲ್ಲಿ ಆರು ತಪ್ಪು, 15ಕ್ಕೆ 9. ತೆಳುವಿನಲ್ಲಿ ಒಂಬತ್ತು ತಪ್ಪು, 6. ಜಾತಿ ಮಾಡಿ ಕಳೆದರೆ ದಪ್ಪಕ್ಕೆ ಆರು, ಮೂರು, ಒಂದು ಸೇರಿ 10 ಕಡಿತ, ಉಳಿಯುವುದು 5. ತೆಳುವಿಗೆ ಮೂರು ಮತ್ತು ಮಿತಿ ಹಾಕಿದ ಎರಡು ಸೇರಿ 5 ಕಡಿತ, ಉಳಿಯುವುದು 10. ಅದೇ ಹಾಳೆಗಳು, ಅದೇ ತಪ್ಪುಗಳು, ಕ್ರಮಾಂಕ ತಲೆಕೆಳಗು. ಬೇರಿಂಗ್ ಕೂರದ ಶಾಫ್ಟ್‌ಗೆ ಹೆಚ್ಚು ಅಂಕ ಕೊಟ್ಟ ಪದ್ಧತಿಯನ್ನು ನಾನಂತೂ ಬಳಸಲಾರೆ.

ಒಂದೇ ತಪ್ಪಿಗೆ ಎರಡು ಕಡೆ ಅಂಕ ಕಳೆಯಬೇಡಿ. ಲೆಕ್ಕದಲ್ಲೇ ವ್ಯಾಸ ತಪ್ಪಿದ್ದು ಡ್ರಾಯಿಂಗ್ ಅದನ್ನೇ ನಿಷ್ಠೆಯಿಂದ ತೋರಿಸಿದ್ದರೆ ಡ್ರಾಯಿಂಗ್‌ಗೆ ಶಿಕ್ಷೆ ಇಲ್ಲ. ಲೆಕ್ಕದಲ್ಲಿ 25 ಬಂದು ಡ್ರಾಯಿಂಗ್‌ನಲ್ಲಿ 24 ಇದ್ದರೆ ಅದು ಡ್ರಾಯಿಂಗ್‌ನದೇ ಮಾರಕ ತಪ್ಪು. ವರದಿಯ ಲೆಕ್ಕ ಮಾಡಿದವರೂ ಡ್ರಾಯಿಂಗ್ ಬಿಡಿಸಿದವರೂ ಮಾತಾಡಿಕೊಂಡಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗದು.

ಒಟ್ಟು ಕೂಡಿಸುವಾಗ

ದಪ್ಪ ವರದಿಗೆ 9, 6, 5 ಸೇರಿ 20. ತೆಳುವಿಗೆ 15, 11, 10 ಸೇರಿ 36. ಈ ಹಂತದಲ್ಲಿ ಒಟ್ಟಾರೆ ಓದು ಉಪಯೋಗಕ್ಕೆ ಬರುತ್ತದೆ. ಕೂಡಿ ಬಂದ ಅಂಕ ನಿಮ್ಮ ಮನಸ್ಸಿನ ಅಂದಾಜಿಗಿಂತ ತುಂಬ ದೂರ ಇದ್ದರೆ ಅಂಕ ತಿದ್ದಬೇಡಿ, ಮೂರು ಭಾಗಗಳಲ್ಲಿ ಯಾವುದು ಆಶ್ಚರ್ಯ ತಂದಿತು ಎಂದು ಹುಡುಕಿ ಅದನ್ನೊಂದನ್ನೇ ಮತ್ತೆ ಓದಿ.

ಮಾರಕ ತಪ್ಪುಗಳಿರುವ ಡ್ರಾಯಿಂಗ್ ಬಗ್ಗೆ ಎರಡು ಪದ್ಧತಿಗಳಿವೆ. ಒಟ್ಟು ಅಂಕಕ್ಕೇ ಮಿತಿ ಹಾಕುವುದು ಒಂದು. ಅಂಕ ಹಾಕುವ ಮೊದಲೇ ಹಾಳೆಯನ್ನು ಹಿಂದಿರುಗಿಸಿ ತಿದ್ದಿಸುವುದು ಇನ್ನೊಂದು. ವೇಳಾಪಟ್ಟಿ ಅವಕಾಶ ಕೊಟ್ಟರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಉದ್ಯಮದಲ್ಲಿ ಚೆಕ್ ಮಾಡುವವರು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದೆ ಕಳಿಸುವುದೂ ಹಾಗೆಯೇ. ತಿದ್ದಿ ತಂದವರಿಗೆ ಕಡಿತದ ಅರ್ಧ ವಾಪಸ್ ಕೊಡಬಹುದು.

ಇಬ್ಬರು ಪರೀಕ್ಷಕರಿದ್ದರೆ ಮೊದಲು ಮೂರು ವರದಿಗಳನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿ. ಒಂದು ನಿರ್ಧಾರಕ್ಕೆ ಒಬ್ಬರು 1, ಇನ್ನೊಬ್ಬರು 3 ಕೊಟ್ಟಿದ್ದರೆ ಸರಾಸರಿ 2 ಎಂದು ಮುಗಿಸಬೇಡಿ. ಅಲ್ಲಿ ಒಬ್ಬರು ಒಂದು ವಾಕ್ಯ ನೋಡಿಲ್ಲ, ಅಥವಾ ರೂಬ್ರಿಕ್‌ನ ಸಾಲೇ ಎರಡು ಅರ್ಥ ಕೊಡುತ್ತಿದೆ. ಎರಡನೆಯದಾದರೆ ಆ ಸಾಲು ತಿದ್ದಿ ಮುಂದಿನ ವರದಿಗಳಿಗೆ ಹೋಗಿ.

ಇಷ್ಟಕ್ಕೆಲ್ಲ ಸಮಯವಿಲ್ಲ ಎನ್ನುವವರು ಮೊದಲು ಜೋಡಿ ಹೋಲಿಕೆಯನ್ನು ಬಿಡಿ, ಬದಲಿಗೆ ವೈವಾದಲ್ಲಿ ಪ್ರತಿ ತಂಡಕ್ಕೂ 'ಯಾವ ಪರಿಸ್ಥಿತಿಯಲ್ಲಿ ನೀವು ಬಿಟ್ಟ ಪರ್ಯಾಯವನ್ನೇ ಆರಿಸುತ್ತಿದ್ದಿರಿ?' ಎಂದು ಕೇಳಿ ಆ ಉತ್ತರಕ್ಕೆ ಅಂಕ ಹಾಕಿ. ಆಮೇಲೂ ಕಷ್ಟವಾದರೆ ಐದು ನಿರ್ಧಾರಗಳನ್ನು ಮೂರಕ್ಕೆ ಇಳಿಸಿ. ಡ್ರಾಯಿಂಗ್ ಚೆಕ್‌ಲಿಸ್ಟನ್ನು ಮಾತ್ರ ಇಳಿಸಬೇಡಿ. ಎಲ್ಲ ಹಾಳೆ ನೋಡಲಾಗದಿದ್ದರೆ ಬೇರಿಂಗ್ ಕೂರುವ ಭಾಗದ ಒಂದೇ ಹಾಳೆಯನ್ನು ತೆಗೆದುಕೊಂಡು, ಅದನ್ನು ವರ್ಕ್‌ಶಾಪ್‌ನ ಇನ್‌ಸ್ಟ್ರಕ್ಟರ್ ಕೈಗೆ ಕೊಟ್ಟು, ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.